ಲೈವ್‌ನಲ್ಲಿ ಸೀರೆ ಮಾರಾಟ: ಸ್ಕ್ರೀನ್‌ಶಾಟ್ ಬಂತು, ದುಡ್ಡು ಬರಲಿಲ್ಲ

ಪ್ರಶ್ನೆ (ಶಹಾಪುರದಿಂದ):
ಅಕ್ಕಾ, ನಾನು ಮನೆಯಿಂದಲೇ ಲೈವ್ ಮಾಡಿ ಇಳಕಲ್ ಸೀರೆ ಮಾರುತ್ತೇನೆ. ಶುಕ್ರವಾರ ರಾತ್ರಿ 27ನೇ ನಂಬರಿನ ಸೀರೆಗೆ ಮೂವರು ‘ಬುಕ್’ ಅಂದರು. ಕೊರಿಯರ್ ಸೇರಿ 1,250 ರೂಪಾಯಿ. ಮೊದಲು ಸ್ಕ್ರೀನ್‌ಶಾಟ್ ಕಳಿಸಿದವರಿಗೆ ಕೊಟ್ಟೆ. ಅದರಲ್ಲಿ ನನ್ನ ಹೆಸರು, ಮೊತ್ತ ಎಲ್ಲ ಸರಿ ಇತ್ತು. ಶನಿವಾರ ಪಾರ್ಸಲ್ ಹಾಕಿದೆ. ಇವತ್ತು ಸೋಮವಾರ ಲೆಕ್ಕ ನೋಡಿದರೆ ಆ ದುಡ್ಡು ಬಂದೇ ಇಲ್ಲ. ಅವರು ‘ನನ್ನ ಅಕೌಂಟಿನಿಂದ ಕಟ್ ಆಗಿದೆ’ ಅನ್ನುತ್ತಾರೆ. ನಿಜ ಹೇಗೆ ತಿಳಿಯುವುದು?

ಉತ್ತರ (ಕಲಬುರಗಿ, ಆರು ವರ್ಷದಿಂದ ಲೈವ್ ಮಾರಾಟ):
ತಂಗಿ, ಮೊದಲು ಕೊರಿಯರ್ ಆಫೀಸಿಗೆ ಫೋನ್ ಮಾಡು. ರಸೀದಿ ನಂಬರ್ ಹೇಳಿ ಪಾರ್ಸಲ್ ಎಲ್ಲಿದೆಯೋ ಅಲ್ಲೇ ನಿಲ್ಲಿಸಲು ಕೇಳು. ಇನ್ನೂ ಮನೆ ಮುಟ್ಟಿರದಿದ್ದರೆ ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಉಳಿದದ್ದು ಆಮೇಲೆ.

ಈಗ ಅವರ ಹತ್ತಿರ ಯುಟಿಆರ್ ನಂಬರ್ ಕೇಳು. ಯುಪಿಐನಲ್ಲಿ ಅದು 12 ಅಂಕಿ ಇರುತ್ತದೆ. ಫೋಟೋ ಬೇಡ, ಟೈಪ್ ಮಾಡಿ ಕಳಿಸಲಿ. ನಿನ್ನ ಬ್ಯಾಂಕಿನ ಆಪ್ ತೆರೆದು ಶುಕ್ರವಾರದ ಸ್ಟೇಟ್‌ಮೆಂಟಿನಲ್ಲಿ ಅದನ್ನು ಹುಡುಕು. ಸಿಕ್ಕರೆ ದುಡ್ಡು ಬಂದಿದೆ, ಬೇರೆ ಹೆಸರಲ್ಲಿ ಬಂದಿದ್ದಕ್ಕೆ ನಿನಗೆ ಗುರುತು ಸಿಕ್ಕಿಲ್ಲ ಅಷ್ಟೇ. ನಮ್ಮ ಕಡೆ ಸೀರೆ ಹೆಂಡತಿ ಬುಕ್ ಮಾಡುತ್ತಾರೆ, ದುಡ್ಡು ಗಂಡನ ಅಥವಾ ಮಗನ ಫೋನಿಂದ ಬರುತ್ತದೆ. ಇದು ದಿನಾ ಆಗುವ ಮಾತು.

ಸಿಗದಿದ್ದರೆ ಅವರ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳು. ಶುಕ್ರವಾರದಿಂದ ಇವತ್ತಿನವರೆಗಿನ ಸಾಲುಗಳು ಸಾಕು, ಬ್ಯಾಲೆನ್ಸ್ ಮುಚ್ಚಿಕೊಳ್ಳಲಿ. ಕೇಳುವುದು ಯಾಕೆ ಅಂದರೆ, ಒಬ್ಬರ ಅಕೌಂಟಿನಿಂದ ಕಟ್ ಆಗಿ ಇನ್ನೊಬ್ಬರಿಗೆ ಸೇರದೇ ಹೋದರೆ ಬ್ಯಾಂಕೇ ಅದನ್ನು ವಾಪಸ್ ಹಾಕಬೇಕು. 2019ರ ರಿಸರ್ವ್ ಬ್ಯಾಂಕ್ ಸೂಚನೆ ಇದೆ. ಫೋನ್ ನಂಬರಿಗೆ ಅಥವಾ ಖಾಸಗಿ ಯುಪಿಐ ಐಡಿಗೆ ಕಳಿಸಿದ್ದರೆ ಮರುದಿನದೊಳಗೆ, ಅಂಗಡಿಯ ಕ್ಯೂಆರ್‌ಗೆ ಹಾಕಿದ್ದರೆ ಐದು ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ ಅವರಿಗೆ ಬ್ಯಾಂಕ್ ಕೊಡಬೇಕು. ನೀನು ಕೊಟ್ಟದ್ದು ನಂಬರಾ, ಕ್ಯೂಆರ್‌ಆ? ಅದರ ಮೇಲೆ ಲೆಕ್ಕ ನಿಂತಿದೆ.

ಪ್ರಶ್ನೆ ಕೇಳಿದವರು:
ನಂಬರ್ ಕೊಟ್ಟಿದ್ದೆ ಅಕ್ಕಾ.

ಉತ್ತರ:
ಹಾಗಾದರೆ ಶನಿವಾರದೊಳಗೆ ವಾಪಸ್ ಆಗಿರಬೇಕು. ಅವರ ಸ್ಟೇಟ್‌ಮೆಂಟಿನಲ್ಲಿ 1,250 ಹೋದ ಒಂದು ಸಾಲು, ಬಂದ ಒಂದು ಸಾಲು ಇದೆಯಾ ನೋಡು. ಎರಡೂ ಇದ್ದರೆ ಯಾರದ್ದೂ ತಪ್ಪಿಲ್ಲ, ಮತ್ತೆ ಕಳಿಸಲಿ. ಹೋದ ಸಾಲು ಮಾತ್ರ ಇದ್ದರೆ ಅವರೇ ತಮ್ಮ ಬ್ಯಾಂಕಿಗೆ ಆ 12 ಅಂಕಿ ಕೊಟ್ಟು ದೂರು ಹಾಕಬೇಕು, ನಿನ್ನಿಂದ ಆಗುವ ಕೆಲಸ ಅಲ್ಲ. ಯಾವ ಸಾಲೂ ಇಲ್ಲದಿದ್ದರೆ, ಅಥವಾ ಸ್ಟೇಟ್‌ಮೆಂಟ್ ಕೊಡುವುದಕ್ಕೇ ಒಪ್ಪದಿದ್ದರೆ, ಸ್ಕ್ರೀನ್‌ಶಾಟ್ ಮೇಲೆ ನನಗೆ ನಂಬಿಕೆ ಇಲ್ಲ. ಥೇಟ್ ಅಸಲಿನ ಹಾಗೆ ಕಾಣುವ ಸ್ಕ್ರೀನ್‌ಶಾಟ್ ಮಾಡುವ ಆಪ್‌ಗಳೇ ಇವೆ.

ಕಲಬುರಗಿಯ ಅಂಗಡಿಯವರೊಬ್ಬರು:
ಇಷ್ಟೆಲ್ಲ ಯಾಕೆ ಬೇಕು? ಕೂಗುವ ಡಬ್ಬಿ ಇಟ್ಟುಕೊಳ್ಳಿ. ‘ಬಂತು’ ಅಂದರೆ ಬಂತು, ಇಲ್ಲಾಂದ್ರೆ ಇಲ್ಲ. ನಮ್ಮ ಅಂಗಡಿಯಲ್ಲಿ ಹಾಗೇ ನಡೆಯುತ್ತಿದೆ.

ಉತ್ತರ:
ಅಣ್ಣಾ, ಕೌಂಟರ್‌ಗೆ ಅದು ಸರಿ. ಗಿರಾಕಿ ಎದುರಿಗೇ ನಿಂತಿರುತ್ತಾರೆ. ಲೈವ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಐದು ನಿಮಿಷದಲ್ಲಿ ನಾಲ್ಕು ಸಲ ‘1,250 ಬಂತು’ ಅಂತ ಕೂಗಿದರೆ ಯಾವ ಸೀರೆಯದ್ದು, ಯಾರದ್ದು ಅಂತ ಹೇಗೆ ಹೇಳುತ್ತೀರಿ? ಅಲ್ಲದೆ ಆ ಕ್ಯೂಆರ್‌ಗೆ ಬಂದದ್ದನ್ನು ಮಾತ್ರ ಅದು ಕೂಗುತ್ತದೆ. ಫೋನ್ ನಂಬರಿಗೆ ಹಾಕಿದ್ದು ಬೇರೆ ಬ್ಯಾಂಕಿಗೆ ಹೋಗಿದ್ದರೆ ಡಬ್ಬಿಗೆ ಗೊತ್ತೇ ಆಗುವುದಿಲ್ಲ.

ನಾನು ಮಾಡುವುದು ಇಷ್ಟು. ಒಂದೇ ದರದ ಸೀರೆಗಳಿಗೂ ಮೊತ್ತ ಬೇರೆ ಬೇರೆ ಹೇಳುತ್ತೇನೆ. 26ಕ್ಕೆ 1,251, 27ಕ್ಕೆ 1,252, 28ಕ್ಕೆ 1,253. ಸ್ಟೇಟ್‌ಮೆಂಟಿನಲ್ಲಿ 1,252 ಕಂಡರೆ ಯಾರ ಹೆಸರಲ್ಲಿ ಬಂದರೂ ಅದು 27ನೇ ಸೀರೆ. ಮೊದಲು ಪೈಸೆ ಸೇರಿಸಿ ನೋಡಿದ್ದೆ, ಜನ ಪೈಸೆ ಬಿಟ್ಟು ಕಳಿಸುತ್ತಾರೆ. ರೂಪಾಯಿ ಬಿಡುವುದಿಲ್ಲ. ಲೈವ್‌ನಲ್ಲಿ ನನ್ನ ಜೊತೆ ಕೂರುವ ಹುಡುಗಿ ಬ್ಯಾಂಕಿನ ಆಪ್ ನೋಡುತ್ತಾ ವಹಿಯಲ್ಲಿ ಸೀರೆ ನಂಬರ್ ಎದುರಿಗೆ ಯುಟಿಆರ್‌ನ ಕೊನೆಯ ನಾಲ್ಕು ಅಂಕಿ ಬರೆಯುತ್ತಾಳೆ. ಅದು ಬರೆಯದೆ ಪಾರ್ಸಲ್ ಕಟ್ಟುವುದಿಲ್ಲ. ಮೆಸೇಜ್ ನಂಬಿ ಬರೆಯಲು ಬಿಡುವುದಿಲ್ಲ, ‘ಕ್ರೆಡಿಟ್ ಆಗಿದೆ’ ಅನ್ನುವ ಮೆಸೇಜನ್ನು ಯಾವ ನಂಬರಿನಿಂದಲೂ ಯಾರು ಬೇಕಾದರೂ ಟೈಪ್ ಮಾಡಿ ಕಳಿಸಬಹುದು.

ಬೀದರ್‌ನಿಂದ ಒಬ್ಬರು:
ನೀವೆಲ್ಲ ಮಾರುವವರ ಕಷ್ಟವೇ ಹೇಳುತ್ತೀರಿ. ನಾನು ಲೈವ್‌ನಲ್ಲಿ ಕಡು ಹಸಿರು ಅಂತ ನೋಡಿ ತೆಗೆದುಕೊಂಡೆ, ಬಂದದ್ದು ನವಿಲು ನೀಲಿ. ‘ನೋ ರಿಟರ್ನ್’ ಅಂತ ಬರೆದಿದ್ದೇವೆ ಅಂದುಬಿಟ್ಟರು. ದುಡ್ಡು ಕೊಟ್ಟದ್ದಕ್ಕೆ ಪುರಾವೆ ಇತ್ತು, ಆದರೂ ಏನೂ ಆಗಲಿಲ್ಲ.

ಉತ್ತರ:
ಇಲ್ಲಿ ಕೇಳಿದ್ದು ಬೇರೆ, ಆದರೂ ಹೇಳುತ್ತೇನೆ ಅಕ್ಕಾ. ಇದು ನಮ್ಮಂಥವರ ತಪ್ಪೇ. ಬಿಳಿ ರಿಂಗ್ ಲೈಟಿನಲ್ಲಿ ಹಸಿರು, ನೀಲಿ, ನೇರಳೆ ಬದಲಾಗಿ ಕಾಣುತ್ತವೆ. ಇಳಕಲ್‌ನಲ್ಲಿ ಒಡಲು ಒಂದು ಬಣ್ಣ, ಸೆರಗು ಇನ್ನೊಂದು ಆಗಿರುವುದರಿಂದ ಫೋನೇ ಗೊಂದಲ ಮಾಡುತ್ತದೆ. ನಾನು ದುಡ್ಡು ತೆಗೆದುಕೊಳ್ಳುವ ಮೊದಲು ಕಿಟಕಿ ಬೆಳಕಿನಲ್ಲಿ ತೆಗೆದ ಒಂದು ಫೋಟೋ ಕಳಿಸುತ್ತೇನೆ. ತೋರಿಸಿದ್ದಕ್ಕಿಂತ ಬೇರೆ ಕೊಟ್ಟರೆ ‘ನೋ ರಿಟರ್ನ್’ ಬೋರ್ಡು ನಿಲ್ಲುವುದಿಲ್ಲ. 2020ರ ಗ್ರಾಹಕ ರಕ್ಷಣೆ ಇ-ಕಾಮರ್ಸ್ ನಿಯಮದಲ್ಲಿ ಜಾಹೀರಾತಿನಂತೆ ಇಲ್ಲದ ವಸ್ತು ವಾಪಸ್ ತೆಗೆದುಕೊಳ್ಳಬೇಕು ಅಂತಲೇ ಇದೆ. ಲೈವ್‌ನ ವಿಡಿಯೋ ಇದ್ದರೆ ಇಟ್ಟುಕೊಂಡು 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕ ಸಹಾಯವಾಣಿ.

ರಿಟರ್ನ್ ಮಾತು ಬಂತು ಅಂತ ಮಾರುವವರಿಗೂ ಒಂದು ಹೇಳುತ್ತೇನೆ. ವಾಪಸ್ ಕೊಡುವ ದುಡ್ಡು ಯಾವ ಅಕೌಂಟಿನಿಂದ ಬಂತೋ ಅದಕ್ಕೇ ಹೋಗಬೇಕು. ಎರಡು ವರ್ಷದ ಹಿಂದೆ ನನಗೆ ಒಬ್ಬರು 1,200ರ ಬದಲು 12,000 ಹಾಕಿದರು. ‘ಕೈ ತಪ್ಪಿತು, ಉಳಿದದ್ದು ನನ್ನ ತಮ್ಮನ ನಂಬರಿಗೆ ಹಾಕಿ’ ಅಂದರು. ದುಡ್ಡು ನಿಜವಾಗಿಯೂ ಬಂದಿತ್ತು, ಹಾಕಿಬಿಟ್ಟೆ. ತಿಂಗಳೊಳಗೆ ನನ್ನ ಅಕೌಂಟಿನಲ್ಲಿ 12,000ಕ್ಕೆ ತಡೆ ಬಿತ್ತು. ಬೇರೆ ಊರಿನಲ್ಲಿ ಯಾರನ್ನೋ ಮೋಸ ಮಾಡಿ ಆ ದುಡ್ಡನ್ನು ನನ್ನ ಮೂಲಕ ದಾಟಿಸಿದ್ದರು. ಆರ್ಡರ್ ಚಾಟ್, ಕೊರಿಯರ್ ರಸೀದಿ ಎಲ್ಲ ತೋರಿಸಿ ತಡೆ ತೆಗೆಸಲು ಐದು ತಿಂಗಳು ಓಡಾಡಿದೆ. ಬಂದ ಅಕೌಂಟಿಗೇ ತಿರುಗಿಸಿದ್ದರೆ ನನ್ನ ಕಡೆಯಿಂದ ಸಾಕ್ಷಿ ಸ್ವಚ್ಛವಾಗಿರುತ್ತಿತ್ತು.

ಪ್ರಶ್ನೆ ಕೇಳಿದವರು (ಮರುದಿನ):
ಅಕ್ಕಾ, ಪಾರ್ಸಲ್ ಹುಮನಾಬಾದಿನಲ್ಲಿ ನಿಲ್ಲಿಸಿದರು. ಅವರು ಸ್ಟೇಟ್‌ಮೆಂಟ್ ಕಳಿಸಿದರು. ಶುಕ್ರವಾರ ರಾತ್ರಿ 9:14ಕ್ಕೆ ಹೋಗಿದೆ, ಶನಿವಾರ ಬೆಳಿಗ್ಗೆ ವಾಪಸ್ ಬಂದಿದೆ. ಅವರು ನೋಡಿಯೇ ಇರಲಿಲ್ಲ. ಹಳೆಯ ಸ್ಕ್ರೀನ್‌ಶಾಟ್ ಮತ್ತೆ ತೆಗೆದು ನೋಡಿದೆ, ಮೊತ್ತದ ಕೆಳಗೆ ಸಣ್ಣದಾಗಿ `Processing` ಅಂತ ಇದೆ. ಲೈವ್ ಗಡಿಬಿಡಿಯಲ್ಲಿ ನಾನು 1,250 ಮಾತ್ರ ಓದಿದ್ದೆ. ಇವತ್ತು ಮತ್ತೆ ಕಳಿಸಿದರು, ಯುಟಿಆರ್ ನನ್ನ ಸ್ಟೇಟ್‌ಮೆಂಟಿನಲ್ಲೇ ಸಿಕ್ಕಿತು. ಅವರ ಮೇಲೆ ಅನುಮಾನ ಪಟ್ಟದ್ದಕ್ಕೆ ಕ್ಷಮೆ ಕೇಳಿದೆ.

ಇನ್ನೊಂದು ಉಳಿದಿದೆ. ಬುಕ್ ಅಂದವರಿಗೆ ದುಡ್ಡು ಹಾಕಲು ಎಷ್ಟು ಹೊತ್ತು ಕೊಡಬೇಕು?

ಉತ್ತರ:
ನಾನು 20 ನಿಮಿಷ ಕೊಡುತ್ತೇನೆ, ಆಮೇಲೆ ಸಾಲಿನ ಎರಡನೆಯವರಿಗೆ. `Processing` ಬಂದವರಿಗೆ ಮಾತ್ರ ಮರುದಿನ ಮಧ್ಯಾಹ್ನದವರೆಗೆ ಸೀರೆ ಎತ್ತಿಡುತ್ತೇನೆ, ಎರಡನೇ ಸಲ ಹಾಕಿ ಅನ್ನುವುದಿಲ್ಲ. ಎರಡೂ ಸೇರಿಬಿಟ್ಟರೆ ವಾಪಸಿನ ತಲೆನೋವು.

ಯಾದಗಿರಿಯಿಂದ ಒಬ್ಬರು:
20 ನಿಮಿಷ ಕಡಿಮೆಯಾಯಿತು. ನನ್ನ ಗಿರಾಕಿಗಳಲ್ಲಿ ಹೆಚ್ಚಿನವರ ಫೋನಿನಲ್ಲಿ ಯುಪಿಐ ಇಲ್ಲ. ಗಂಡ ಕೆಲಸದಿಂದ ಬಂದ ಮೇಲೆಯೇ ದುಡ್ಡು ಹಾಕಿಸಬೇಕು. ನಾನು ಮರುದಿನ ಬೆಳಿಗ್ಗೆ ಹತ್ತರವರೆಗೆ ಇಡುತ್ತೇನೆ. ಹತ್ತರಲ್ಲಿ ಮೂರು ಬಿದ್ದುಹೋಗುತ್ತವೆ, ಆದರೆ ಉಳಿದ ಏಳು ಜನ ನನ್ನ ಹತ್ತಿರವೇ ಮತ್ತೆ ಬರುತ್ತಾರೆ.

ಉತ್ತರ:
ನಿಮ್ಮ ಮಾತೂ ಸರಿ ಇರಬಹುದು. ಪಂಚಮಿ ಮುಂದಿನ ವಾರಗಳಲ್ಲಿ ಹಾಗೆ ಇಟ್ಟರೆ ನನಗೆ ಮಾಲು ಸಾಲುವುದಿಲ್ಲ. ಬೇರೆ ದಿನಗಳಲ್ಲಿ ಒಂದು ಸಲ ಹಾಗೂ ಮಾಡಿ ನೋಡುತ್ತೇನೆ.