ಓದುಗರ ಸ್ಪಂದನ: ಈ ಪ್ರಬಂಧ ಅವಳದೇ ಹೌದೋ ಅಲ್ಲವೋ, ಅಂಕ ಎಷ್ಟು ಕೊಡಲಿ?

ಕಳೆದ ಸಂಚಿಕೆಯ ಸಮಸ್ಯೆ: ಯಾವಾಗಲೂ 20ಕ್ಕೆ 11ರ ಆಸುಪಾಸು ತೆಗೆಯುವ ವಿದ್ಯಾರ್ಥಿನಿ ಈ ಸಲ ನೀರಿನ ಮರುಬಳಕೆಯ ಬಗ್ಗೆ ಮನೆಯಿಂದ ಬರೆದು ತಂದ ಪ್ರಬಂಧ 17ರ ಮಟ್ಟದ್ದು. ವಾಕ್ಯಗಳು ಉದ್ದ, ಕಾಗುಣಿತದ ತಪ್ಪು ಒಂದೂ ಇಲ್ಲ. ಬೇರೆಯವರು ಬರೆದುಕೊಟ್ಟರೇ? 14 ಕೊಟ್ಟು ಮುಗಿಸಿಬಿಡಲೇ?

*

14 ಮಾತ್ರ ಕೊಡಬೇಡಿ. ಅವಳೇ ಬರೆದಿದ್ದರೆ ನೀವು 3 ಅಂಕ ಕಿತ್ತುಕೊಂಡಂತಾಯಿತು. ಬೇರೆಯವರು ಬರೆದಿದ್ದರೆ ಅವಳದಲ್ಲದ ಬರಹಕ್ಕೆ 14 ಅಂಕ ಕೊಟ್ಟಂತಾಯಿತು. ಎರಡರಲ್ಲಿ ಯಾವುದು ನಿಜವಾದರೂ 14 ತಪ್ಪು ಅಂಕವೇ. ಬರಹದ ಗುಣ ಒಂದು ಪ್ರಶ್ನೆ, ಬರೆದವರು ಯಾರು ಎಂಬುದು ಇನ್ನೊಂದು. ಮೊದಲು ಹೆಸರು ಮುಚ್ಚಿಟ್ಟು, ಉಳಿದವರಿಗೆ ಬಳಸಿದ ಮಾನದಂಡದಲ್ಲೇ ಅಂಕ ಹಾಕಿ, ಬದಿಗಿಡಿ.

ಆಮೇಲೆ ಹೋಲಿಕೆ. ಪರೀಕ್ಷೆಯಲ್ಲಿ ಗಡಿಬಿಡಿಯಿಂದ ಕೈಯಲ್ಲಿ ಬರೆದದ್ದನ್ನು ವಾರಗಟ್ಟಲೆ ಸಮಯ ಸಿಕ್ಕು ಟೈಪ್ ಮಾಡಿದ್ದರ ಪಕ್ಕ ಇಟ್ಟರೆ ಯಾರ ಬರಹವೂ ಬೇರೆಯಾಗಿಯೇ ಕಾಣುತ್ತದೆ. ಹಿಂದೆ ಮನೆಯಿಂದಲೇ ಬರೆದು ತಂದ ಎರಡು ಮೂರು ಪ್ರಬಂಧಗಳನ್ನು ತೆಗೆಯಿರಿ. ಬದಲಾದದ್ದು ಭಾಷೆ ಮಾತ್ರವೇ, ಯೋಚನೆಯೂ ಬದಲಾಗಿದೆಯೇ ನೋಡಿ. ವಾದದ ಓಟ ಹಳೆಯದೇ ಆಗಿದ್ದು ವಾಕ್ಯಗಳಷ್ಟೇ ನಯವಾಗಿದ್ದರೆ ಯಾರೋ ತಿದ್ದಿಕೊಟ್ಟಿರುವ ಸಾಧ್ಯತೆ ಹೆಚ್ಚು. ತಿದ್ದಿಸಿಕೊಳ್ಳಬಾರದು ಎಂದು ನೀವು ಮೊದಲೇ ಹೇಳಿರದಿದ್ದರೆ ಅದು ತಪ್ಪಲ್ಲ. ನಡುವಿನ ಒಂದೆರಡು ಪ್ಯಾರಾಗಳಲ್ಲಿ ಮಾತ್ರ ಶೈಲಿ ದಿಢೀರನೆ ಬದಲಾಗಿದ್ದರೆ ಆ ಪ್ಯಾರಾಗಳ ಮೂಲ ಹುಡುಕಿ. ಆಕರಗಳೆಂದು ಕೊಟ್ಟಿರುವುದರಲ್ಲಿ ಮೂರನ್ನು ತೆರೆದು, ಅವಳು ಹೇಳಿದ ಮಾತು ಆ ಪುಟದಲ್ಲಿ ಇದೆಯೇ ನೋಡಿ. ಇಲ್ಲದ ಪುಸ್ತಕ, ಇಲ್ಲದ ಪುಟ ಸಿಕ್ಕರೆ ಶೈಲಿಯ ಅನುಮಾನಕ್ಕಿಂತ ಅದು ಎಷ್ಟೋ ಗಟ್ಟಿ ಸಾಕ್ಷ್ಯ. ಆಕರ ತಪ್ಪೆಂದು ಅಂಕ ಕಳೆಯುವುದಕ್ಕೆ ಬರೆದವರು ಯಾರೆಂದು ತೀರ್ಮಾನವಾಗಬೇಕಾಗಿಯೂ ಇಲ್ಲ.

— ಪದವಿ ತರಗತಿಯ ಭಾಷಾ ಅಧ್ಯಾಪಕಿ

*

ಅವಳನ್ನು ಕೂರಿಸಿ ಕೇಳುವುದೇ ಸರಿಯಾದ ದಾರಿ, ಆದರೆ ಕೇಳುವ ಕ್ರಮ ಮುಖ್ಯ. ಪ್ರಬಂಧ ಕೊಟ್ಟು ಒಂದು ವಾರದೊಳಗೆ, ಸಹೋದ್ಯೋಗಿಯೊಬ್ಬರ ಎದುರಿನಲ್ಲಿ, ಹದಿನೈದು ನಿಮಿಷ ಸಾಕು. ಅವಳೊಬ್ಬಳನ್ನೇ ಕರೆದರೆ ತರಗತಿಯಲ್ಲಿ ತೀರ್ಪು ಆಗಿಹೋದಂತೆಯೇ, ಹಾಗಾಗಿ ಇನ್ನೂ ಮೂರು ನಾಲ್ಕು ಮಂದಿಯನ್ನು ಕರೆದು ಅದೇ ಬಗೆಯ ಪ್ರಶ್ನೆ ಕೇಳಿ. ಪ್ರಬಂಧದ ಪ್ರತಿ ಅವಳ ಕೈಯಲ್ಲಿರಲಿ.

ನೆನಪಿನ ಪ್ರಶ್ನೆ ಬೇಡ. ಸ್ವತಃ ಬರೆದವರೂ ತಮ್ಮ ವಾಕ್ಯ ಮರೆಯುತ್ತಾರೆ, ಹೆದರಿಕೆಯಲ್ಲಿ ಇನ್ನಷ್ಟು. ಆಯ್ಕೆಯ ಬಗ್ಗೆ ಕೇಳಿ: ‘ಮೂರನೇ ಪ್ಯಾರಾದಲ್ಲಿ ಸ್ನಾನದ ನೀರಿನ ಉದಾಹರಣೆಯನ್ನೇ ಯಾಕೆ ತಗೊಂಡೆ? ಯಾವುದನ್ನು ಬರೆದು ಆಮೇಲೆ ತೆಗೆದೆ?’ ಸ್ವತಃ ಬರೆದವಳು ತಡವರಿಸಿಯಾದರೂ ಬಿಟ್ಟದ್ದನ್ನು, ಅಳಿಸಿದ್ದನ್ನು ಹೇಳುತ್ತಾಳೆ. ಬರೆಯದವಳು ಪುಟದಲ್ಲಿ ಇರುವುದನ್ನೇ ತಿರುತಿರುಗಿ ಹೇಳುತ್ತಾಳೆ.

ಕೊನೆಗೆ, ಅವಳ ವಾದಕ್ಕೆ ಒಂದು ಆಕ್ಷೇಪ ಕೊಡಿ. ‘ಶುದ್ಧೀಕರಣದ ಖರ್ಚು ಉಳಿತಾಯಕ್ಕಿಂತ ಹೆಚ್ಚಾದರೆ?’ ಎನ್ನಿ, ಅಲ್ಲೇ ಹತ್ತು ನಿಮಿಷದಲ್ಲಿ ಉತ್ತರ ಬರೆಯಲಿ. ಕಾಗುಣಿತ ನೋಡಬೇಡಿ, ಅದು ಹೇಗೂ ಕೆಡುತ್ತದೆ. ಮೂಲ ವಾದದ ಎಳೆ ಹಿಡಿದು ಮುಂದೆ ಹೋದಳೇ, ಅಷ್ಟೇ ನೋಡಿ. ಮಾತಿಗಿಂತ ಬರಹದಲ್ಲಿ ಸಲೀಸಾಗಿರುವ ಮಕ್ಕಳಿಗೆ ನ್ಯಾಯ ಸಿಗುವುದು ಈ ಹಂತದಲ್ಲೇ.

— ಮೌಲ್ಯಮಾಪನ ತರಬೇತಿ ನೀಡುವವರು

*

ಯಂತ್ರ ಬರೆದದ್ದನ್ನು ಪತ್ತೆ ಮಾಡುವ ಸಾಫ್ಟ್‌ವೇರ್‌ಗೆ ಹಾಕಿ ನೋಡುವ ಆಸೆ ಬರಬಹುದು. ಒಂದು ಲೆಕ್ಕ ಮಾಡಿ. 200 ಪ್ರಬಂಧಗಳಲ್ಲಿ 20 ಯಂತ್ರದಿಂದ ಬರೆಸಿದವು ಎಂದುಕೊಳ್ಳೋಣ. ಸಾಫ್ಟ್‌ವೇರ್ ಅದರಲ್ಲಿ ನೂರಕ್ಕೆ 90ನ್ನು ಹಿಡಿಯುತ್ತದೆ, ಪ್ರಾಮಾಣಿಕವಾದವುಗಳಲ್ಲಿ ನೂರಕ್ಕೆ 5ನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಆಗ ಸಿಕ್ಕಿಬೀಳುವ ತಪ್ಪಿತಸ್ಥರು 18, ನಿರಪರಾಧಿಗಳು 9. ಬೊಟ್ಟುಮಾಡಿದ ಮೂವರಲ್ಲಿ ಒಬ್ಬರು ಏನೂ ಮಾಡಿರುವುದಿಲ್ಲ. ನಿಜ ಸ್ಥಿತಿ ಇದಕ್ಕಿಂತ ಕೆಟ್ಟದ್ದಿರಬಹುದು: ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿ ತನ್ನದೇ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು.

ಕರಡು ಕೇಳುವುದು ಮೇಲು. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ `Version history` ತೋರಿಸಲು ಹೇಳಿ. ಅಲ್ಲಿ ಇಡೀ ಪ್ರಬಂಧ ಒಮ್ಮೆಗೇ ಬಂದು ಕೂತಿದ್ದರೆ ಬೇರೆ ಕಡೆ ಬರೆದು ಅಂಟಿಸಿರಲೂಬಹುದು, ಆ ಮೂಲ ಕರಡು ಎಲ್ಲಿದೆ ಎಂದು ಕೇಳಿ. ಕರಡು ಇಲ್ಲ ಎಂಬುದೊಂದೇ ತಪ್ಪೊಪ್ಪಿಗೆಯಲ್ಲ.

— ಸಂಖ್ಯಾಶಾಸ್ತ್ರದ ಉಪನ್ಯಾಸಕ

*

ಇಷ್ಟೆಲ್ಲ ಆದಮೇಲೂ ಗೊತ್ತಾಗದಿದ್ದರೆ? ಮೊದಲು ಬದಿಗಿಟ್ಟ 17ನ್ನೇ ಕೊಡಿ. ಅನುಮಾನವನ್ನು ‘ಭಾಷೆ ಸಹಜವಾಗಿಲ್ಲ’ ಎಂಬ ಷರಾದೊಳಗೆ ಬಚ್ಚಿಟ್ಟು ಅಂಕ ಕಳೆಯುವುದು ಅನ್ಯಾಯ, ಅದಕ್ಕೆ ಅವಳು ಉತ್ತರ ಕೊಡಲೂ ಆಗುವುದಿಲ್ಲ. ಸಾಕ್ಷ್ಯ ಗಟ್ಟಿಯಾಗಿದ್ದರೆ ಅಂಕ ನೀವೇ ಇಳಿಸದೆ, ಸಂಸ್ಥೆಯ ನಿಯಮದಂತೆ ವಿಚಾರಣೆಗೆ ಒಪ್ಪಿಸಿ. ಕೇಳಿದ ಪ್ರಶ್ನೆ, ಬಂದ ಉತ್ತರ, ದಿನಾಂಕ ಬರೆದಿಡಿ. ಮುಂದಿನ ಪ್ರಬಂಧದ 20ರಲ್ಲಿ 4 ಅಂಕ ರೂಪರೇಷೆ ಮತ್ತು ಮೊದಲ ಕರಡಿಗೆ ಎಂದು ಎಲ್ಲರಿಗೂ ಮೊದಲೇ ತಿಳಿಸಿ. ಈ ಸಲದ ಪ್ರಬಂಧಕ್ಕೆ ಆ ನಿಯಮ ಹಿಂದಿನಿಂದ ಅನ್ವಯಿಸುವಂತಿಲ್ಲ.

— ಪರೀಕ್ಷಾ ಮಂಡಳಿಯ ನಿವೃತ್ತ ಸದಸ್ಯೆ