ಹೊರಗಿನ ಬಿಂದುವಿನಿಂದ ಸ್ಪರ್ಶಕ: ಗೆರೆ ಪರವಲಯಕ್ಕೆ ತಾಗ್ತಾನೇ ಇಲ್ಲ

ಧಾರವಾಡ ಪಿಯು ಹುಡುಗ:
ಮೂರು ದಿನದಿಂದ ಇದೇ ಲೆಕ್ಕ, ತಲೆ ಕೆಟ್ಟುಹೋಗಿದೆ. (1, −3) ರಿಂದ ಪರವಲಯಕ್ಕೆ ಸ್ಪರ್ಶಕ ಎಳೆಯಬೇಕು. ಡೆರಿವೇಟಿವ್ ತೆಗೆದು x = 1 ಹಾಕಿದೆ, ಇಳಿಜಾರು 2 ಬಂತು. ಗೆರೆ y = 2x − 5. ಗ್ರಾಫ್ ಹಾಳೆಯಲ್ಲಿ ಎಳೆದರೆ ಪರವಲಯದ ಕೆಳಗೇ ಸುಮ್ನೆ ಹಾದುಹೋಗುತ್ತದೆ. ಹಿಂದಿನ ಪುಟದಲ್ಲಿ ಎರಡು ಗೆರೆ ಕೊಟ್ಟಿದ್ದಾರೆ. ಪುಸ್ತಕವೇ ತಪ್ಪಾ?

ಗದಗ ಮೇಷ್ಟ್ರು:
y = mx + a/m ಹಾಕು ತಮ್ಮಾ. ಒಂದೇ ಸಾಲಿನ ಕೆಲಸ.

ಧಾರವಾಡ ಪಿಯು ಹುಡುಗ:
a ಎಷ್ಟು ಸರ್? ನನ್ನದು y = x². ಹೇಳೋದೇ ಮರೆತಿದ್ದೆ.

ಗದಗ ಮೇಷ್ಟ್ರು:
a = 1/4. ಆಗ 4m² + 12m + 1 = 0. ಬೇರುಗಳು ಅಂಕುಡೊಂಕಾಗಿವೆ. ಪುಸ್ತಕದ್ದೇ ತಪ್ಪಿರಬೇಕು.

ಹುಬ್ಬಳ್ಳಿ ಅಕ್ಕ:
ಸರ್, ಆ ಸೂತ್ರ ಬಲಕ್ಕೆ ತೆರೆದ y² = 4ax ಗೆ ಮಾತ್ರ. ಇದು ಮೇಲಕ್ಕೆ ತೆರೆದಿದೆ, ಇದಕ್ಕೆ y = mx − m²/4.

ತಮ್ಮಾ, 2x ನಲ್ಲಿ ಹಾಕಬೇಕಾದದ್ದು ಗೆರೆ ತಾಗುವ ಜಾಗದ x. ನೀನು ಹೊರಗಿನ ಬಿಂದುವಿನ x ಹಾಕಿದೆ. ತಾಗುವ ಜಾಗ ಗೊತ್ತಿಲ್ಲ, ಅದನ್ನು (t, t²) ಅನ್ನು. ಅಲ್ಲಿಂದ (1, −3) ಗೆ ಹೋಗುವ ಗೆರೆಯ ಇಳಿಜಾರು 2t ಆಗಲೇಬೇಕು:

```
(t² + 3)/(t − 1) = 2t
t² − 2t − 3 = 0
t = 3, −1
```

ತಾಗುವುದು (3, 9) ಮತ್ತು (−1, 1) ರಲ್ಲಿ. ಗೆರೆಗಳು y = 6x − 9, y = −2x − 1. ಎರಡರಲ್ಲೂ x = 1 ಹಾಕಿ ನೋಡು, −3 ಬರುತ್ತದೆ.

ಹಾವೇರಿ ಗ್ರಾಫ್ ಪ್ರೇಮಿ:
ಇಷ್ಟೆಲ್ಲ ಯಾಕೆ? ನಾನು ಹಳೇ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಜಿಯೋಜಿಬ್ರಾ ಹಾಕಿದ್ದೇನೆ, 43 ಇಂಚು. ಬಿಂದು ಎಳೆದಾಡಿದರೆ ಗೆರೆಗಳೂ ಜೊತೆಗೆ ತಿರುಗುತ್ತವೆ.

ಗದಗ ಮೇಷ್ಟ್ರು:
ಪರೀಕ್ಷೆಗೆ ಟಿವಿ ಹೊತ್ತುಕೊಂಡು ಹೋಗ್ತೀಯಾ?

ಧಾರವಾಡ ಪಿಯು ಹುಡುಗ:
ಉತ್ತರ ಸರಿಹೋಯ್ತು ಅಕ್ಕಾ. ಆದರೆ ನನ್ನ ಆ 2 ಪೂರ್ತಿ ದಂಡವಾ?

ಹುಬ್ಬಳ್ಳಿ ಅಕ್ಕ:
ಇಲ್ಲ, ಅದೇ ಮಜಾ. (−1, 1) ಮತ್ತು (3, 9) ಸೇರಿಸು. ಇಳಿಜಾರು 8/4, ಅಂದರೆ ನಿನ್ನ 2! −1 ಮತ್ತು 3 ರ ನಡುವೆ ಸರಿಯಾಗಿ 1 ಇದೆ, ಅದಕ್ಕೇ ಹಾಗೆ. ಹೊರಗಿನ ಬಿಂದುವಿನ x ಯಾವಾಗಲೂ ಆ ಎರಡರ ಮಧ್ಯದಲ್ಲೇ ಕೂರುತ್ತದೆ. ನೀನು ಕಂಡುಹಿಡಿದದ್ದು ಎರಡೂ ಸ್ಪರ್ಶ ಬಿಂದುಗಳನ್ನು ಜೋಡಿಸುವ ಗೆರೆಯ ಇಳಿಜಾರು.

ಹಾವೇರಿ ಗ್ರಾಫ್ ಪ್ರೇಮಿ:
ನನ್ನದೊಂದು. y² = 4x, ಬಿಂದು (0, 2). ಮೇಷ್ಟ್ರ ಸೂತ್ರದಲ್ಲಿ m = 1/2 ಒಂದೇ ಬರುತ್ತದೆ. ಟಿವಿಯಲ್ಲಿ ಎರಡು ಗೆರೆ ಕಾಣುತ್ತವೆ.

ಗದಗ ಮೇಷ್ಟ್ರು:
ಒಂದೇ ಇರೋದು. ನಿನ್ನ ಟಿವಿ ನೋಡಿಸು.

ಧಾರವಾಡ ಪಿಯು ಹುಡುಗ:
ಸರ್, ಹಾಳೆಯಲ್ಲಿ ಬಿಡಿಸಿದೆ. y-ಅಕ್ಷವೇ (0, 0) ಯಲ್ಲಿ ತಾಗುತ್ತಿದೆ ಅಲ್ವಾ?

ಗದಗ ಮೇಷ್ಟ್ರು:
ಅದಕ್ಕೆ m ಎಲ್ಲಿದೆ?