ಟೀಸಿ ನೇಮ್ ಪ್ಲೇಟಿನಾಗ 11000/433 ಐತಿ, ಸುತ್ತಿನ ಅನುಪಾತ 25.4 ಅಂತ ಬರೀಲೇನ್ರಿ?

ಪ್ರಶ್ನೆ: ಡಿಪ್ಲೊಮಾ ವಿದ್ಯಾರ್ಥಿನಿ, ಗದಗ

ಟ್ರಾನ್ಸ್‌ಫಾರ್ಮರ್ ಮ್ಯಾಲೆ ಒಂದೇ ಒಂದು ಸ್ಲೈಡ್ ಇಟ್ಟು ಹತ್ತು ನಿಮಿಷ ಹೇಳಬೇಕ್ರಿ. ನಮ್ಮ ಓಣಿ ಟೀಸಿ ನೇಮ್ ಪ್ಲೇಟ್ ನೋಡಿ 100 ಕೆ.ವಿ.ಎ., 11000/433 ವೋಲ್ಟ್ ಅಂತ ಬರಕೊಂಡೆ. ಭಾಗಿಸಿ ಸುತ್ತಿನ ಅನುಪಾತ 25.4 ಅಂತ ಹಾಕೀನಿ. ಅದರ ಕೆಳಗ "ಲೋಡ್ ಹೆಚ್ಚಾದಂಗ ಎಲ್ಲಾ ನಷ್ಟ ಹೆಚ್ಚಾಗ್ತಾವು, ಫುಲ್ ಲೋಡಿನಾಗ ದಕ್ಷತೆ ಗರಿಷ್ಠ" ಅಂತ ಬರದೀನಿ. ಸರಿ ಐತೇನ್ರಿ?

ವೈರಿಂಗ್ ಗುತ್ತಿಗೆದಾರ, ಹುಬ್ಬಳ್ಳಿ

25.4 ಸರಿ ಐತಿ ತಂಗಿ, V1/V2 = N1/N2 ಅಂತನೇ ಎಲ್ಲಾರೂ ಕಲ್ತಿದ್ದು. ಆದ್ರ ನಷ್ಟದ ಸಾಲು ತಪ್ಪೈತಿ. ಕಬ್ಬಿಣದ ಕೋರಿನಾಗ ಆಗೋ ಐರನ್ ಲಾಸ್ ಲೋಡ್ ಇರಲಿ ಬಿಡಲಿ ಅಷ್ಟೇ ಇರ್ತದ, ಸುರುಳಿ ತಂತಿಯಾಗ ಆಗೋ ಕಾಪರ್ ಲಾಸ್ ಒಂದೇ ಏರೋದು.

ನಿವೃತ್ತ ಎಂಜಿನಿಯರ್, ಧಾರವಾಡ (ಟೀಸಿ ರಿಪೇರಿ ಕೆಲಸದಾಗ ಬಹಳ ವರ್ಷ ಇದ್ದವರು)

ನಷ್ಟದ ಬಗ್ಗೆ ಅಣ್ಣಾರು ಹೇಳಿದ್ದು ಖರೆ. ಅನುಪಾತ ಮಾತ್ರ 25.4 ಅಲ್ಲವ್ವಾ, 44.

ಆ ನೇಮ್ ಪ್ಲೇಟಿನಾಗ Dyn11 ಅಂತ ಇನ್ನೊಂದು ಬರಹ ಇರ್ತದ, ಹೋಗಿ ನೋಡು. D ಅಂದ್ರ 11 ಕೆ.ವಿ. ಕಡೆ ಡೆಲ್ಟಾ, y ಅಂದ್ರ ಕೆಳಗಿನ ಕಡೆ ಸ್ಟಾರ್, n ಅಂದ್ರ ನ್ಯೂಟ್ರಲ್ ಹೊರಗ ತಂದಾರ ಅಂತ. ಡೆಲ್ಟಾದಾಗ ಒಂದೊಂದು ಸುರುಳಿ ಮ್ಯಾಲೂ ಪೂರಾ 11000 ವೋಲ್ಟ್ ಬೀಳ್ತದ. ಸ್ಟಾರಿನಾಗ ಒಂದು ಸುರುಳಿ ಕೊಡೋದು ಫೇಸಿಂದ ನ್ಯೂಟ್ರಲ್ಲಿಗೆ ಇರೋ ವೋಲ್ಟೇಜ್, ಅಂದ್ರ 433ನ್ನ 1.732ರಿಂದ ಭಾಗಿಸಿದ್ರ ಬರೋ 250. ಸುತ್ತು ಎಣಿಸೋದು ಕೋರಿನ ಒಂದೇ ಕಾಲಿನ ಮ್ಯಾಲೆ ಕೂತ ಎರಡು ಸುರುಳಿ ನಡುವ. ಹಂಗಾಗಿ 11000 ಭಾಗಿಸು 250, ಅದು 44. ನಿನ್ನ 25.4 ಲೈನ್ ವೋಲ್ಟೇಜಿನ ಅನುಪಾತ. ಅದನ್ನೂ ಸ್ಲೈಡಿನಾಗ ಇಡು, ಆದ್ರ ಆ ಹೆಸರಿನಾಗ ಇಡು.

ಟ್ರಾನ್ಸ್‌ಫಾರ್ಮರ್ ಹೆಂಗ ಕೆಲಸ ಮಾಡ್ತದ ಅಂತ ಹೇಳೂವಾಗ "ಒಂದು ಸುತ್ತಿಗೆ ಎಷ್ಟು ವೋಲ್ಟ್" ಅನ್ನೋದರಿಂದ ಸುರು ಮಾಡು. ಟ್ಯಾಂಕಿಂದ ಎತ್ತಿ ಇಟ್ಟ ಟೀಸಿ ನೋಡಿದ್ರ ಇದು ಕಣ್ಣಿಗೇ ಕಾಣ್ತದ. ಕೋರಿನ ಕಾಲಿಗೆ ಹತ್ತಿ ಒಳಗ ಎಲ್.ವಿ., ಅಂದ್ರ ಕಡಿಮೆ ವೋಲ್ಟೇಜಿನ ಸುರುಳಿ ಇರ್ತದ, ಕಾಗದ ಸುತ್ತಿದ ದಪ್ಪ ಪಟ್ಟಿ, ಬೆರಳಿಟ್ಟು ಎಣಿಸಬಹುದು. ಅದರ ಹೊರಗ ಎಚ್.ವಿ., ಅಂದ್ರ ಹೆಚ್ಚು ವೋಲ್ಟೇಜಿನ ಸುರುಳಿ, ಸಣ್ಣ ತಂತಿ, ಸಾವಿರಗಟ್ಟಲೆ ಸುತ್ತು. ಲೆಕ್ಕಕ್ಕ ಎಲ್.ವಿ. ಒಂದು ಕಾಲಿಗೆ 80 ಸುತ್ತು ಅನ್ನು, 250 ವೋಲ್ಟ್ ಬರಬೇಕಾದ್ರ ಒಂದು ಸುತ್ತಿಗೆ 3.125 ವೋಲ್ಟ್. ಎರಡೂ ಸುರುಳಿ ಒಳಗ ಹಾಯೋದು ಒಂದೇ ಫ್ಲಕ್ಸ್ ಆದ್ದರಿಂದ ಎಚ್.ವಿ. ಸುತ್ತಿಗೂ ಅಷ್ಟೇ ವೋಲ್ಟ್. 11000 ತಡಕೊಳ್ಳಾಕ ಅದಕ್ಕ 3520 ಸುತ್ತು ಬೇಕು. 3520 ಭಾಗಿಸು 80, ಮತ್ತ 44. ಸೂತ್ರ ಬಾಯಿಪಾಠ ಮಾಡೂದೇ ಬೇಡ.

ಗುತ್ತಿಗೆದಾರ, ಹುಬ್ಬಳ್ಳಿ

ಸಾಹೇಬ್ರ, ಹಂಗಂದ್ರ ಕರೆಂಟ್ ಯಾಕ 25.4 ಪಟ್ಟು ಬರ್ತದ? 100 ಕೆ.ವಿ.ಎ.ಗೆ ಕೆಳಗ 133 ಆಂಪಿಯರ್, ಮ್ಯಾಲೆ 5.25. ಭಾಗಿಸಿದ್ರ 25.4ನೇ ಬರ್ತದಲ್ರೀ.

ನಿವೃತ್ತ ಎಂಜಿನಿಯರ್, ಧಾರವಾಡ

ಬರ್ತದ, ಯಾಕಂದ್ರ 5.25 ಲೈನಿನ ಕರೆಂಟು. ಡೆಲ್ಟಾ ಒಳಗಿನ ಸುರುಳಿಯಾಗ ಹರಿಯೋದು ಅದನ್ನ 1.732ರಿಂದ ಭಾಗಿಸಿದಷ್ಟು, ಸುಮಾರು 3.03. ಈಗ 133.3ನ್ನ 3.03ರಿಂದ ಭಾಗಿಸ್ರಿ, 44 ಬರ್ತದ. ನಿಮ್ಮ ಲೆಕ್ಕನೇ ನನ್ನ ಮಾತಿಗೆ ಸಾಕ್ಷಿ ಆತು.

ಇದು ಬರೇ ಪರೀಕ್ಷೆಗೆ ಬೇಕಾದ ವಿಷಯ ಅಲ್ಲ. ಒಂದು ರಿವೈಂಡಿಂಗ್ ಶೆಡ್ಡಿನಾಗ ಹೊಸ ಹುಡುಗ ಎಲ್.ವಿ. 80 ಸುತ್ತು ಎಣಿಸಿ, 25.4ರಿಂದ ಗುಣಿಸಿ ಎಚ್.ವಿ.ಗೆ 2032 ಸುತ್ತು ಹಾಕಿಸಿದ್ದ. ಆ ಟೀಸಿ 11 ಕೆ.ವಿ. ಲೈನಿಗೆ ಹೋಗಿದ್ರ ಫೇಸಿಂದ ನ್ಯೂಟ್ರಲ್ಲಿಗೇ 433 ವೋಲ್ಟ್ ಬರಬೇಕು, ಓಣಿಯಾಗ ಒಂದು ಬಲ್ಬೂ ಉಳೀತಿರಲಿಲ್ಲ. ಹೊರಗ ಕಳಿಸೋ ಮುಂಚೆ ಮಾಡೋ ರೇಷಿಯೋ ಟೆಸ್ಟಿನಾಗ ಸಿಕ್ಕಿಬಿತ್ತು. ಎಚ್.ವಿ. ಮೂರು ಬುಶಿಂಗಿಗೆ 415 ವೋಲ್ಟ್ ಕೊಟ್ಟು ಎಲ್.ವಿ. ಅಳದ್ರ ಲೈನಿನಾಗ 16.3, ನ್ಯೂಟ್ರಲ್ಲಿಗೆ 9.4 ವೋಲ್ಟ್ ಬರಬೇಕು. ಅಲ್ಲಿ ಬಂದಿದ್ದು 28 ಮತ್ತ 16. ಮೂರೂ ಸುರುಳಿ ಬಿಚ್ಚಿ ಮತ್ತ ಸುತ್ತಿದ್ವಿ.

ಆ 415ನ್ನ ಯಾವಾಗಲೂ ಎಚ್.ವಿ. ಕಡೆನೇ ಕೊಡಬೇಕು. ಮರ್ತು ಎಲ್.ವಿ.ಗೆ ಕೊಟ್ರ ಆಚಿ ಕಡೆ ಬುಶಿಂಗಿನ ಮ್ಯಾಲೆ 10 ಸಾವಿರ ವೋಲ್ಟಿಗಿಂತ ಹೆಚ್ಚು ಬಂದು ನಿಂತಿರ್ತದ. ಮುಟ್ಟಿದವ ಉಳಿಯೂದಿಲ್ಲ.

ವಿದ್ಯಾರ್ಥಿನಿ, ಗದಗ

ಅನುಪಾತ ತಿಳೀತ್ರಿ ಸರ್. ಲೋಡ್ ಹಾಕಿದ್ರ ಕರೆಂಟ್ ಹೆಚ್ಚಾಗ್ತದ, ಅಂದ ಮ್ಯಾಲೆ ಫ್ಲಕ್ಸೂ ಹೆಚ್ಚಾಗಬೇಕಲ್ರಿ? ಐರನ್ ಲಾಸ್ ಯಾಕ ಹೆಚ್ಚಾಗೂದಿಲ್ಲ?

ಕೋಲ್ಡ್ ಸ್ಟೋರೇಜ್ ಮಾಲೀಕ, ಬ್ಯಾಡಗಿ

ನಡುವ ನಂದೊಂದು ಮಾತು. ನಮ್ಮಲ್ಲಿ ಸ್ವಂತ 250 ಕೆ.ವಿ.ಎ. ಟ್ರಾನ್ಸ್‌ಫಾರ್ಮರ್ ಐತ್ರಿ. ಮೆಣಸಿನಕಾಯಿ ಚೀಲ ಖಾಲಿಯಾಗಿ ಕಂಪ್ರೆಸರ್ ಬಂದ್ ಮಾಡಿದ್ರೂ ಗುಂ ಅಂತ ಅನಕೋತ ನಿಂತಿರ್ತದ. ಲೋಡ್ ಇಲ್ದಾಗ ಸಪ್ಪಳ ಬರೋದು ಕೆಟ್ಟ ಲಕ್ಷಣ ಅಲ್ಲೇನ್ರಿ? ಸುತ್ತು ಸಡ್ಲ ಆಗ್ಯಾವೇನೋ ಅಂತ ಚಿಂತಿ ಹತ್ತೇತಿ.

ನಿವೃತ್ತ ಎಂಜಿನಿಯರ್, ಧಾರವಾಡ

ಇಬ್ಬರಿಗೂ ಉತ್ತರ ಒಂದೇ. ಫ್ಲಕ್ಸ್ ಎಷ್ಟು ಅಂತ ತೀರ್ಮಾನ ಮಾಡೋದು ಕರೆಂಟಲ್ಲ, ವೋಲ್ಟೇಜು. ಲೈನಿನಾಗ 11000 ಇರೋ ತನಕ ಒಂದು ಸುತ್ತಿಗೆ 3.125 ವೋಲ್ಟ್ ಹುಟ್ಟಲೇಬೇಕು, ಅಷ್ಟು ವೋಲ್ಟ್ ಹುಟ್ಟಿಸೋ ಫ್ಲಕ್ಸ್ ಕೋರಿನಾಗ ಇರಲೇಬೇಕು. ನೀನು ಎಲ್.ವಿ.ಗೆ ಲೋಡ್ ಹಾಕಿದಿ ಅನ್ನು. ಆ ಕರೆಂಟ್ ಫ್ಲಕ್ಸನ್ನ ಕಡಿಮೆ ಮಾಡಾಕ ನೋಡ್ತದ. ಫ್ಲಕ್ಸ್ ಒಂದಿಷ್ಟು ಕುಗ್ಗೋದೇ ತಡ, ಎಚ್.ವಿ. ಸುರುಳಿ ಲೈನಿಂದ ಹೆಚ್ಚು ಕರೆಂಟ್ ಎಳದು ಆ ಕೊರತೆ ತುಂಬ್ತದ. ಕೆಳಗ 44 ಆಂಪಿಯರ್ ಏರಿದ್ರ ಮ್ಯಾಲಿನ ಸುರುಳಿಯಾಗ 1 ಆಂಪಿಯರ್ ಏರ್ತದ, ಎರಡರ ಪ್ರಭಾವ ಒಂದಕ್ಕೊಂದು ವಜಾ. ಕೋರಿಗೆ ಲೋಡ್ ಬಂದದ್ದೇ ಹೆಚ್ಚುಕಡಿಮೆ ಗೊತ್ತಾಗೂದಿಲ್ಲ.

ಮಾಲೀಕರ, ಆ ಗುಂಕಾರ ಕೋರಿನ ತಗಡು ಫ್ಲಕ್ಸಿನ ಜೋಡಿ ಸೆಕೆಂಡಿಗೆ 100 ಸಲ ಹಿಗ್ಗಿ ಕುಗ್ಗೋ ಸಪ್ಪಳ. ಫ್ಲಕ್ಸ್ ಲೋಡ್ ಇಲ್ದಾಗೂ ಪೂರಾ ಇರ್ತದ, ಅದಕ್ಕ ಸಪ್ಪಳಾನೂ ಇರ್ತದ. ಒಂದೇ ಸಮ ಬಂದ್ರ ಅಂಜಬ್ಯಾಡ್ರಿ. ಚಟಪಟ ಅಂದ್ರ, ಇಲ್ಲಾ ಮೊದಲಿಗಿಂತ ಬ್ಯಾರೆ ಥರಾ ಕೇಳಿಸಿದ್ರ ಮಾತ್ರ ಬಂದ್ ಮಾಡಿ ತೋರಿಸ್ರಿ.

ಈಗ ದಕ್ಷತೆ. ಹಳೇ ವಿನ್ಯಾಸದ 100 ಕೆ.ವಿ.ಎ. ಟೀಸಿಗೆ ಐರನ್ ಲಾಸ್ 260 ವಾಟ್, ಫುಲ್ ಲೋಡಿನ ಕಾಪರ್ ಲಾಸ್ 1760 ವಾಟ್ ಅಂತ ಹಿಡಿ, ಪವರ್ ಫ್ಯಾಕ್ಟರ್ 0.8. ಫುಲ್ ಲೋಡಿನಾಗ 80 ಕಿಲೋವಾಟ್ ಕೊಡ್ತದ, 2.02 ಕಿಲೋವಾಟ್ ಕಳಕೊಳ್ತದ, ದಕ್ಷತೆ 97.5. ಅರ್ಧ ಲೋಡಿನಾಗ ಕಾಪರ್ ಲಾಸ್ ಅರ್ಧ ಆಗೂದಿಲ್ಲ, ಕಾಲುಭಾಗಕ್ಕ ಇಳದು 440 ವಾಟ್ ಆಗ್ತದ. ಒಟ್ಟು ನಷ್ಟ 700 ವಾಟ್, ದಕ್ಷತೆ 98.3. ಫುಲ್ ಲೋಡಿಗಿಂತ ಅರ್ಧ ಲೋಡೇ ಚಲೋ ಆತು ನೋಡು. ಕಾಪರ್ ಲಾಸೂ 260 ವಾಟಿಗೆ ಬಂದು ನಿಲ್ಲೋ ಜಾಗಾನೇ ಗರಿಷ್ಠ. 260ನ್ನ 1760ರಿಂದ ಭಾಗಿಸಿ ವರ್ಗಮೂಲ ತಗದ್ರ 0.384, ಅಂದ್ರ ಸುಮಾರು 38 ಶೇಕಡಾ ಲೋಡ್. ನಿನ್ನ ಸ್ಲೈಡಿನ ಕೊನೀ ಸಾಲು ತಗದು ಈ ಮೂರು ಲೆಕ್ಕ ಹಾಕು.

ಹಂಗ್ಯಾಕ ಕಟ್ಟತಾರ ಅಂತ ಕೇಳಿದ್ರ, ಓಣಿ ಟೀಸಿ ದಿನಾ ಪೂರ್ತಿ ಫುಲ್ ಲೋಡಿನಾಗ ಇರೂದಿಲ್ಲ. 6 ತಾಸು 80 ಶೇಕಡಾ, ಉಳದ 18 ತಾಸು 20 ಶೇಕಡಾ ಲೋಡ್ ಅಂತ ತಗೋ. ಆ 18 ತಾಸಿನಾಗ ಕಾಪರ್ ಲಾಸ್ ಬರೇ ಸುಮಾರು 1.3 ಯೂನಿಟ್. ಐರನ್ ಲಾಸ್ ಮಾತ್ರ ನಿದ್ದಿ ಇಲ್ದ 24 ತಾಸಿಗೆ 6.24 ಯೂನಿಟ್ ತಿಂತದ. ಎಲ್ಲಾ ಕೂಡಿಸಿದ್ರ ದಿನಕ್ಕ 672 ಯೂನಿಟ್ ಕೊಟ್ಟು 14.3 ಯೂನಿಟ್ ಕಳಕೊಳ್ತದ, ದಿನದ ದಕ್ಷತೆ 97.9.

ಗುತ್ತಿಗೆದಾರ, ಹುಬ್ಬಳ್ಳಿ

44ರ ಮಾತು ಒಪ್ಪಿದೆ ಸಾಹೇಬ್ರ. ದಕ್ಷತೆಗೆ ಇಷ್ಟೆಲ್ಲಾ ಲೆಕ್ಕ ಯಾಕ? ಈ ಕಡೆ ಒಂದು ಮೀಟರ್, ಆ ಕಡೆ ಒಂದು ಮೀಟರ್ ಇಟ್ಟು ನೋಡಿದ್ರ ಮುಗೀತಲ್ಲ.

ನಿವೃತ್ತ ಎಂಜಿನಿಯರ್, ಧಾರವಾಡ

ಒಳಗ 82, ಹೊರಗ 80 ಕಿಲೋವಾಟ್. ನಿಮಗ ಬೇಕಾಗಿದ್ದು ನಡುವಿನ 2. ಒಂದೊಂದು ಮೀಟರಿನಾಗ ಅರ್ಧ ಶೇಕಡಾ ತಪ್ಪಿದ್ರೂ ಎರಡೂ ಕೂಡಿ 0.8 ಕಿಲೋವಾಟ್ ಆಚಿ ಈಚಿ ಆಗ್ತದ. ಹುಡುಕೋ ನಷ್ಟದ ಅರ್ಧದಷ್ಟು ಹತ್ತಿರ ಮೀಟರಿನ ತಪ್ಪೇ ಇರ್ತದ. ಅದಕ್ಕ ನಷ್ಟ ಎರಡನ್ನೂ ಬ್ಯಾರೆ ಬ್ಯಾರೆ ಅಳೀತೀವಿ. ಎಚ್.ವಿ. ಖಾಲಿ ಬಿಟ್ಟು ಎಲ್.ವಿ.ಗೆ 433 ಕೊಟ್ರ ಐರನ್ ಲಾಸ್ ಸಿಗ್ತದ. ಎಲ್.ವಿ. ಶಾರ್ಟ್ ಮಾಡಿ, ಪೂರ್ತಿ ಕರೆಂಟ್ ಹರಿಯೋ ತನಕ ಎಚ್.ವಿ. ಕಡೆ ವೋಲ್ಟೇಜ್ ಏರಿಸಿದ್ರ ಕಾಪರ್ ಲಾಸ್ ಸಿಗ್ತದ. ಇಂಪಿಡೆನ್ಸ್ 4.5 ಶೇಕಡಾ ಇದ್ದ ಟೀಸಿಗೆ ಅದಕ್ಕ 495 ವೋಲ್ಟ್ ಸಾಕು. ಮೊದಲನೇ ಟೆಸ್ಟಿನಾಗ ಎಚ್.ವಿ. ಬುಶಿಂಗ್ ಮ್ಯಾಲೆ ಪೂರಾ 11 ಕೆ.ವಿ. ಇರ್ತದ ಅನ್ನೋದು ನೆನಪಿರಲಿ, ಹತ್ತಿರ ಯಾರನ್ನೂ ನಿಲ್ಲಿಸಬ್ಯಾಡ್ರಿ.

ಮಾಲೀಕ, ಬ್ಯಾಡಗಿ

ಹಂಗಾದ್ರ ಸೀಸನ್ ಇಲ್ದಾಗ ನಮ್ಮದನ್ನ ಪೂರಾ ಬಂದ್ ಮಾಡಿಬಿಟ್ರ ಉಳಿತಾಯ ಅಲ್ರೀ?

ನಿವೃತ್ತ ಎಂಜಿನಿಯರ್, ಧಾರವಾಡ

ನಿಮ್ಮ ಟೆಸ್ಟ್ ರಿಪೋರ್ಟಿನಾಗ ನೋ ಲೋಡ್ ಲಾಸ್ 500 ವಾಟ್ ಇದ್ರ ದಿನಕ್ಕ 12 ಯೂನಿಟ್, ತಿಂಗಳಿಗೆ 360 ಯೂನಿಟ್ ಉಳೀತದ. ಆದ್ರ ತಣ್ಣಗ ನಿಂತ ಟ್ರಾನ್ಸ್‌ಫಾರ್ಮರ್ ಬ್ರೀದರಿನ ಸಿಲಿಕಾ ಜೆಲ್ ಬಣ್ಣ ಕಳಕೊಂಡಿದ್ರ ಎಣ್ಣಿಗೆ ನೀರಿನಂಶ ಹಿಡೀತದ. ಮತ್ತ ಚಾಲೂ ಮಾಡೂ ಮುಂಚೆ ಎಣ್ಣಿ ಎಷ್ಟು ವೋಲ್ಟೇಜ್ ತಡೀತದ ಅನ್ನೋ ಬಿ.ಡಿ.ವಿ. ಟೆಸ್ಟ್, ಸುರುಳಿ ಇನ್ಸುಲೇಷನ್ ನೋಡೋ ಮೆಗರ್ ಟೆಸ್ಟ್ ಎರಡೂ ಮಾಡಲೇಬೇಕು. ಆ ಖರ್ಚು, ಆಫೀಸಿನ ದೀಪಕ್ಕ ಬ್ಯಾರೆ ವ್ಯವಸ್ಥೆ, ಇವೆಲ್ಲಾ ತೂಗಿ ನೋಡಬೇಕು. ರಿಪೋರ್ಟ್ ನೋಡದ ನಾ ಹೌದು ಅನ್ನೂದಿಲ್ಲ.

ರೈತ, ರೋಣ ಕಡೆಯವರು

ಸರ್, ನಮ್ಮ ಹೊಲದ ಟೀಸಿಗೆ ತ್ರೀ ಫೇಸ್ ದಿನಕ್ಕ 7 ತಾಸು ಅಷ್ಟೇ ಬರ್ತದ. ನಿಮ್ಮ 24 ತಾಸಿನ ಲೆಕ್ಕ ನಮಗ ಹೊಂದತದೇನ್ರಿ?

ನಿವೃತ್ತ ಎಂಜಿನಿಯರ್, ಧಾರವಾಡ

ಹೊಂದೂದಿಲ್ಲ. ಲೈನಿನಾಗ ವೋಲ್ಟೇಜ್ ಇದ್ದಷ್ಟು ಹೊತ್ತು ಮಾತ್ರ ಐರನ್ ಲಾಸ್. ಪೂರಾ ಬಂದ್ ಇದ್ರ ಅದೂ ಇಲ್ಲ. ಪಂಪು ಎಲ್ಲಾ ಒಮ್ಮೆಲೇ ಚಾಲೂ ಆಗಿ ಆ 7 ತಾಸೂ ಫುಲ್ ಲೋಡಿದ್ರ ನಿಮ್ಮಲ್ಲಿ ಕಾಪರ್ ಲಾಸಿಂದೇ ಮೇಲುಗೈ. ಉಳದ ಹೊತ್ತಿನಾಗ ಸಿಂಗಲ್ ಫೇಸ್ ಬಿಡ್ತಾರೇನು? ಬಿಟ್ರ ಮೂರು ಕಾಲಿನಾಗೂ ಫ್ಲಕ್ಸ್ ಒಂದೇ ಸಮ ಇರೂದಿಲ್ಲ, ಲೆಕ್ಕ ಬ್ಯಾರೆ ಆಗ್ತದ. ಯಾವ ಥರಾ ಬಿಡ್ತಾರ ಅಂತ ನಿಮ್ಮ ಲೈನ್‌ಮನ್ ಕೇಳಿ ಬರೀರಿ, ಕೂತು ನೋಡೂಣು.

ವಿದ್ಯಾರ್ಥಿನಿ, ಗದಗ

ಸರ್, ಈಗ ಹೋಗಿ ಬೇಲಿ ಹೊರಗ ನಿಂತು ಮೊಬೈಲಿನಾಗ ಫೋಟೋ ಹಿಗ್ಗಿಸಿ ನೋಡಿದೆ. Dyn11 ಐತ್ರಿ, ಇಂಪಿಡೆನ್ಸ್ 4.5 ಅಂತನೂ ಐತಿ. ಆದ್ರ ಐರನ್, ಕಾಪರ್ ಅಂತ ಬ್ಯಾರೆ ಬ್ಯಾರೆ ಇಲ್ಲ, 50 ಶೇಕಡಾ ಮತ್ತ 100 ಶೇಕಡಾ ಲೋಡಿನಾಗ ಒಟ್ಟು ನಷ್ಟ ಅಂತ ಎರಡು ಸಂಖ್ಯೆ ಅದಾವು.

ನಿವೃತ್ತ ಎಂಜಿನಿಯರ್, ಧಾರವಾಡ

ಹೊಸಾ ಟೀಸಿ ಅದು, ಚಲೋ ಆತು. ಎರಡನ್ನೂ ಕಳಿ. ಐರನ್ ಲಾಸ್ ಎರಡರಾಗೂ ಅಷ್ಟೇ ಇರೋದರಿಂದ ಹೊಂಟ್ಹೋಗ್ತದ, ಉಳದದ್ದು ಫುಲ್ ಲೋಡ್ ಕಾಪರ್ ಲಾಸಿನ ಮುಕ್ಕಾಲು ಪಾಲು. ಅದರಿಂದ ಎರಡನ್ನೂ ಅಂದಾಜು ತಗದು, ಗರಿಷ್ಠ ದಕ್ಷತೆ ಎಷ್ಟು ಲೋಡಿಗೆ ಬರ್ತದ ಅಂತ ನೀನೇ ಹಚ್ಚಿ ಇಲ್ಲಿ ಹಾಕು. ಅಲ್ಲಿ ಬರೆಯೋದು ಮೀರಬಾರದ ಮಿತಿ, ಅಳದ ಸಂಖ್ಯೆ ಅಲ್ಲ. ಅದನ್ನೂ ಸ್ಲೈಡಿನಾಗ ಒಂದು ಮಾತಿನಾಗ ಹೇಳು.